ಒಪ್ಪತ್ತಿನ ದಿನದ ಎರಡು ಲೋಟ ಮಿಲ್ಕ್‌ಶೇಕ್

ಮೇ ತಿಂಗಳ ಎರಡನೆಯ ಸೋಮವಾರ, ಬೆಳಗ್ಗೆ ಹತ್ತು ಇಪ್ಪತ್ತು. ಅಡುಗೆಮನೆಯಲ್ಲಿ ಅವ್ವ ಮಾವಿನಹಣ್ಣು, ಹಾಲು ಹಾಕಿದ್ದ ಮಿಕ್ಸಿ ತಿರುಗುತ್ತಿತ್ತು. ಲೆಕ್ಕ ಶುರುವಾದದ್ದು ಆಗ.

ಅದಕ್ಕೆ ಒಂದು ತಿಂಗಳ ಮುಂಚೆ ತಾಳವಾಡಿಯ ಆಸ್ಪತ್ರೆಯಲ್ಲಿ ಅವ್ವನ ರಕ್ತ ಪರೀಕ್ಷೆ ಆಗಿತ್ತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಅಂಚಿನಲ್ಲಿದೆ, ಮೂರು ತಿಂಗಳಲ್ಲಿ ಮೂರು ಕಿಲೋ ಇಳಿದರೆ ಮಾತ್ರೆ ತಪ್ಪಬಹುದು ಎಂದಿದ್ದರು. ಅವ್ವ ಅಂದಿನಿಂದಲೇ ಮಾವಿನಹಣ್ಣು ತಿನ್ನುವುದನ್ನು ಬಿಟ್ಟಳು. ಪ್ರತಿ ಸೋಮವಾರ ಅವಳ ತೂಕ ಬರೆದಿಡುವುದು ನನ್ನ ಕೆಲಸ. ಮೊದಲ ವಾರ 68.2 ಇದ್ದದ್ದು ಅಂದು 68.8 ಆಗಿತ್ತು.

"ಇದೇನವ್ವ, ಮಾವಿನಣ್ಣು ಬುಟ್ಟಿವ್ನಿ ಅಂದಿದ್ದೆ?"

"ತಿನ್ನದ ಬುಟ್ಟಿವ್ನಿ ಕಣ್ಲಾ. ಇದು ಕುಡಿಯಾದು."

ಸೋಮವಾರ ಅವಳದು ಒಪ್ಪತ್ತು. ಸಂಜೆ ದೀಪ ಹಚ್ಚುವವರೆಗೆ ಹಲ್ಲಿಗೆ ಏನೂ ಸೋಕಬಾರದು, ಕುಡಿಯಬಹುದು. ಹಸಿವಾಗದಿರಲೆಂದು ಎರಡು ಲೋಟ ಮಿಲ್ಕ್‌ಶೇಕ್ ಮಾಡಿಕೊಳ್ಳುತ್ತಿದ್ದಳು. ಕುಡಿದದ್ದು ಅವಳ ಪ್ರಕಾರ ಊಟಕ್ಕೆ ಸೇರುವುದಿಲ್ಲ.

ಬೆಳ್ಳುಳ್ಳಿ ತೂಗುವ ಚಿಕ್ಕ ತಕ್ಕಡಿ ತಂದೆ. ಅವಳು ಬಳಸಿದಂಥದೇ ಒಂದು ಹಣ್ಣು 310 ಗ್ರಾಂ. ಸಿಪ್ಪೆ, ಓಟೆ ತೆಗೆದರೆ ತಿರುಳು 200. ನೂರು ಗ್ರಾಮಿಗೆ ಸುಮಾರು 60 ಕ್ಯಾಲೊರಿ, ಹಾಗಾಗಿ ಒಂದು ಹಣ್ಣಿಗೆ 120. ಲೋಟಕ್ಕೆ ಒಂದು ಹಣ್ಣು, 200 ಮಿಲಿ ಹಾಲು, ನಾಲ್ಕು ಚಮಚ ಸಕ್ಕರೆ. ಹಾಲಿಗೆ ಸುಮಾರು 130, ಸಕ್ಕರೆ ಚಮಚಕ್ಕೆ ಐದು ಗ್ರಾಂ ತೂಗಿದ್ದರಿಂದ 80.

"ಒಂದು ಲೋಟಕ್ಕೆ ಮುನ್ನೂರ ಮೂವತ್ತು ಕಣವ್ವ. ಎರಡಕ್ಕೆ ಆರುನೂರರವತ್ತು. ಮಧ್ಯಾನದ ಮುದ್ದೆ, ಸಾರಿಗಿಂತ ಜಾಸ್ತಿ."

"ಒಪ್ಪತ್ತಿಗೆ ತಕ್ಕಡಿ ತಂದೋನು ಈ ಊರಲ್ಲಿ ನೀನೊಬ್ನೇಯ." ಲೋಟ ಮಾತ್ರ ಅವಳು ಕೆಳಗಿಡಲಿಲ್ಲ. "ಆಲು ಬುಟ್ಟು, ನೀರಾಕಿ ಜ್ಯೂಸ್ ಮಾಡಿದ್ರೆ?"

"ಸಕ್ಕರೆ ಅಷ್ಟೇ ಇದ್ರೆ ಇನ್ನೂರು."

"ಸಕ್ಕರೇನೂ ಬುಟ್ರೆ?"

"ನೂರಿಪ್ಪತ್ತು. ಅದು ಬರೀ ಅಣ್ಣಿಂದು."

"ಅಂಗಾರೆ ಅಗ್ದು ತಿನ್ನದೇ ವಾಸಿ. ಬಾಯಿಗಾದ್ರೂ ಕೆಲ್ಸ ಇರ್ತದೆ."

ಅದು ನಿಜ ಎಂದು ನಂತರದ ವಾರಗಳಲ್ಲಿ ಬರೆದುಕೊಂಡೆ. ಹಣ್ಣನ್ನು ಅಗಿದು ತಿನ್ನಲು ಅವಳಿಗೆ ಏಳೆಂಟು ನಿಮಿಷ ಬೇಕು, ಒಂದಕ್ಕೆ ಸಾಕಾಗುತ್ತದೆ. ಲೋಟವಾದರೆ ಒಂದು ನಿಮಿಷ, ಮತ್ತೊಂದಕ್ಕೂ ಹೊಟ್ಟೆಯಲ್ಲಿ ಜಾಗ. ಆದರೆ ಅಗಿಯಲು ಅವಳ ನೇಮ ಬಿಡದು. ಹಗಲು ನೀರು ಮಜ್ಜಿಗೆ, ದೀಪ ಹಚ್ಚಿದ ಮೇಲೆ ಅರ್ಧ ಮುದ್ದೆ ಕಡಿಮೆ ಮಾಡಿ ಒಂದು ಹಣ್ಣು ಎಂದು ಅವಳೇ ತೀರ್ಮಾನಿಸಿದಳು. ಉಳಿದ ದಿನಗಳಲ್ಲೂ ಮಿಕ್ಸಿಗೆ ಹಣ್ಣು ಹಾಕಲಿಲ್ಲ.

ಜೂನ್ ಕೊನೆಗೆ 66.9. ಮೂರು ಕಿಲೋ ಆಗಿಲ್ಲ. ಪರೀಕ್ಷೆಗೆ ಇನ್ನು ಎರಡು ವಾರವಿದೆ, ಮಾತ್ರೆ ತಪ್ಪುತ್ತದೆಯೋ ಗೊತ್ತಿಲ್ಲ. ಸೋಸದೆ ರುಬ್ಬಿದ ಹಣ್ಣು, ಅಗಿದು ತಿಂದ ಹಣ್ಣು, ಎರಡರ ಕ್ಯಾಲೊರಿ ಒಂದೇ ಆದರೂ ರಕ್ತದಲ್ಲಿ ಸಕ್ಕರೆ ಏರುವುದು ಒಂದೇ ಥರವೇ ಎಂಬುದು ನನಗೆ ತಿಳಿಯಲಿಲ್ಲ. ಬಲ್ಲವರು ಯಾರಾದರೂ ನಾಲ್ಕು ಸಾಲು ಬರೆದರೆ ಪರೀಕ್ಷೆಗೆ ಮುಂಚೆ ಅವ್ವನಿಗೆ ಓದಿ ಹೇಳುತ್ತೇನೆ.