ಬ್ಯಾಟರಿ ನೀರು ಕುಡಿಯುವ ಗಿಡ

ನಮ್ಮ ಭಾವನವರದು ನರಗುಂದದಲ್ಲಿ ಗೊಬ್ಬರದ ಅಂಗಡಿ. ಲೋಕದ ಯಾವ ತೊಂದರೆಗೂ ಅವರಲ್ಲಿ ಒಂದು ಚೀಲ ಇದ್ದೇ ಇರುತ್ತದೆ. ಗೋವಿನಜೋಳ ಹಳದಿಯಾದರೆ ಒಂದು ಚೀಲ, ಮೆಣಸಿನಗಿಡ ಮುರುಟಿದರೆ ಇನ್ನೊಂದು. ಮದುವೆ ಮನೆಯಲ್ಲಿ ತೆಳ್ಳಗಿನ ಮದುಮಗನನ್ನು ಕಂಡರೂ ‘ಇವಗ ಏನರ ಹಾಕ್ರಿ’ ಅನ್ನುವ ಮನುಷ್ಯ. ಅಂಥವರ ಮನೆಯಲ್ಲಿ ನನ್ನ ಡ್ರಾಸೆರಾ ಗಿಡವನ್ನು ಬಿಟ್ಟು ಹೋಗುವ ಪ್ರಸಂಗ ನನಗೆ ಬಂತು.

ನಾನು ಗಜೇಂದ್ರಗಡದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಕೀಟ ತಿನ್ನುವ ಗಿಡಗಳ ವಿಷಯ ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದು ಹೂಜಿ ಗಿಡ, ಒಂದು ಡ್ರಾಸೆರಾ ಬರೆದು ತೋರಿಸುವುದು ರೂಢಿ. ನಾನು ಬರೆದ ಹೂಜಿ ಥೇಟ್ ಸಂಡಾಸಿನ ಚರಿಗೆಯಂತೆ ಕಾಣುತ್ತಿತ್ತು. ಒಂದು ವರ್ಷ ಮುಂದಿನ ಬೆಂಚಿನ ಹುಡುಗಿ ಎದ್ದು, "ಮೇಡಂ, ನೀವರ ನೋಡೀರೇನ್ರಿ ಇದನ್ನ?" ಎಂದು ಕೇಳಿಬಿಟ್ಟಳು. ನೋಡಿರಲಿಲ್ಲ. ಕಾಣದ ದೇವರ ಮಹಿಮೆ ಹೇಳುವ ಸ್ವಾಮಿಗಳಿಗೂ ನನಗೂ ಏನು ಫರಕು ಎಂದು ಸಿಟ್ಟು ಬಂತು. ಮುಂದಿನ ಜೂನ್‌ನಲ್ಲಿ ಜೀವಂತ ಗಿಡವನ್ನೇ ಮೇಜಿನ ಮೇಲೆ ಇಟ್ಟು ತೋರಿಸುತ್ತೇನೆ ಅಂತ ಇಡೀ ಕ್ಲಾಸಿಗೆ ಮಾತು ಕೊಟ್ಟೆ.

ಗೆಳತಿಯೊಬ್ಬಳು ಬೀಜ ಕಳಿಸಿದಳು. ಬೀಜ ಅಂದರೆ ನಶ್ಯದ ಪುಡಿ, ಉಸಿರು ಬಿಟ್ಟರೆ ಹಾರಿಹೋಗುವಷ್ಟು ಸಣ್ಣದು. ಮೊದಲ ಸಲ ಬಿತ್ತಿದ್ದು ಬೂಷ್ಟು ಹಿಡಿಯಿತು. ಎರಡನೆಯ ಸಲದ್ದನ್ನು ಇರುವೆ ಹೊತ್ತುಕೊಂಡು ಹೋದವು. ಮೂರನೆಯ ಸಲ ಒಂದೇ ಒಂದು ಗಿಡ ಉಳಿಯಿತು. ರೂಪಾಯಿ ನಾಣ್ಯದಗಲ, ನೆಲಕ್ಕೆ ಒತ್ತಿಕೊಂಡು ಕೂತ ಕೆಂಪು ಎಲೆಗಳು, ಎಲೆಯ ಪ್ರತಿ ಕೂದಲಿನ ತುದಿಗೂ ಒಂದು ಅಂಟು ಹನಿ. ಮೊದಲ ಸೊಳ್ಳೆ ಅದಕ್ಕೆ ಅಂಟಿಕೊಂಡು, ಸುತ್ತಲಿನ ಕೂದಲು ಮೆಲ್ಲಗೆ ಅದರ ಮೇಲೆ ಬಾಗಿದ ದಿನ ನಾನು ಒಬ್ಬಳೇ ಮನೆಯಲ್ಲಿ ಚಪ್ಪಾಳೆ ಹೊಡೆದೆ.

ಈ ಗಿಡದ ಸ್ವಭಾವ ನಮ್ಮ ಜನಕ್ಕೆ ತಿಳಿಸುವುದು ಕಷ್ಟ. ಇದು ಹುಟ್ಟಿದ್ದೇ ಸಾರವಿಲ್ಲದ ಹಸಿ ನೆಲದಲ್ಲಿ. ಮಣ್ಣಲ್ಲಿ ಊಟ ಸಿಗದು ಅಂತಲೇ ಎಲೆಯಿಂದ ಹುಳ ಹಿಡಿದು ತಿನ್ನುವುದನ್ನು ಕಲಿತಿದೆ. ಬೇರುಗಳು ನಾಲ್ಕು ಎಳೆ, ನೀರು ಹೀರುವುದಷ್ಟೇ ಅವುಗಳ ಕೆಲಸ. ಆ ನೀರಲ್ಲಿ ಲವಣ ಇರಬಾರದು. ನಮ್ಮ ಬೋರಿನ ನೀರೋ, ಕಾಸಿದ ಪಾತ್ರೆಗೆ ಸುಣ್ಣ ಬಳಿದು ಹೋಗುವ ಸವಳು ನೀರು. ಕುಂಡದಲ್ಲಿ ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿದು ದಿನದಿನಕ್ಕೂ ಗಟ್ಟಿಯಾಗುತ್ತದೆ. ಉಪ್ಪು ಹಚ್ಚಿದ ಮಾವಿನಕಾಯಿ ಹೋಳು ನೀರು ಬಿಡುವುದಿಲ್ಲವೇ, ಹಾಗೆ ಬೇರು ತನ್ನ ಮೈಯ ನೀರನ್ನೇ ಬಿಟ್ಟುಕೊಟ್ಟು ಸಾಯುತ್ತದೆ. ಗೊಬ್ಬರವೂ ಒಂದು ಲವಣವೇ, ಚೀಲದ ಮೇಲೆ ಹೂವಿನ ಚಿತ್ರ ಇದ್ದ ಮಾತ್ರಕ್ಕೆ ಬೇರೆಯದಾಗುವುದಿಲ್ಲ.

ಮಳೆಗಾಲದಲ್ಲಿ ಹಿಡಿದಿಟ್ಟ ನೀರು ಶಿವರಾತ್ರಿಗೆ ಮುಗಿಯಿತು. ಆಮೇಲೆ ಬಸ್‌ಸ್ಟ್ಯಾಂಡ್ ಹತ್ತಿರದ ಗಾಡಿ ಸಾಮಾನಿನ ಅಂಗಡಿಯಿಂದ ಬ್ಯಾಟರಿ ನೀರು ತರತೊಡಗಿದೆ. ಬ್ಯಾಟರಿಗೆ ಹಾಕುವ ಆ ನೀರಿನಲ್ಲಿ ಲವಣ ತೆಗೆದಿರುತ್ತಾರೆ, ಗಿಡಕ್ಕೆ ಬೇಕಾದದ್ದೂ ಅದೇ. "ಗಾಡಿ ಯಾವ್ದ್ರಿ ಮೇಡಮ್ಮಾರ?" ಎಂದು ಅಂಗಡಿಯವ ಕೇಳಿದ. ಗಿಡಕ್ಕೆ ಅಂದೆ. ಪಾಪ, ಚಿಲ್ಲರೆ ಕೊಡುವಾಗಲೂ ನನ್ನ ಮುಖವನ್ನೇ ನೋಡುತ್ತಿದ್ದ.

ಗಿಡ ಹೂದಂಡು ಎತ್ತಿತು. ಈ ಜಾತಿ ಹೂಬಿಟ್ಟು ಬೀಜ ಕಟ್ಟಿದ ಮೇಲೆ ಬಹಳ ಕಾಲ ಬಾಳುವುದಿಲ್ಲ. ಬೀಜ ಕಪ್ಪಾಗಿ ಉದುರಿದರೆ ಮತ್ತೆ ಬಿತ್ತಿ ಜೂನ್‌ಗೆ ಮರಿಗಳನ್ನಾದರೂ ತೋರಿಸಬಹುದು, ಇಲ್ಲದಿದ್ದರೆ ಮತ್ತೆ ಚರಿಗೆಯ ಚಿತ್ರವೇ ಗತಿ. ಅಷ್ಟರಲ್ಲಿ ಧಾರವಾಡಕ್ಕೆ ಪೇಪರ್ ತಿದ್ದಲು ಬರಬೇಕೆಂದು ಆದೇಶ ಬಂತು. ನಮ್ಮವರು ನೌಕರಿ ಮೇಲೆ ಬೇರೆ ಊರಲ್ಲಿದ್ದಾರೆ. ಧಾರವಾಡದಲ್ಲಿ ನಮಗೆ ಸಿಗುವುದು ಕಿಟಕಿಯಿಲ್ಲದ ರೂಮಿನಲ್ಲಿ ಒಂದು ಚಾಪೆ. ದಾರಿಯಲ್ಲಿ ನರಗುಂದ ಸಿಗುತ್ತದೆ, ಅಲ್ಲಿ ಭಾವನವರ ಮನೆ ಇದೆ. ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ನೀರಿನ ಕ್ಯಾನು ಕಾಲ ಬಳಿ ಇಟ್ಟುಕೊಂಡು ಬಸ್ ಹತ್ತಿದೆ.

ಭಾವನವರು ಗಿಡವನ್ನು ರೋಗಿಯನ್ನು ನೋಡುವ ಡಾಕ್ಟರರಂತೆ ತಿರುಗಿಸಿ ನೋಡಿದರು. "ಭಾಳ ಸೊರಗೇತೆವಾ ಇದು."

"ಅದು ಇರೋದ ಅಷ್ಟ ರೀ ಭಾವಾರ. ಕುಂಡದ ಕೆಳಗಿನ ತಟ್ಟ್ಯಾಗ ಈ ಕ್ಯಾನಿನ ನೀರು ಹಾಕ್ರಿ, ಸಾಕು. ಮತ್ತೇನೂ ಹಾಕಬ್ಯಾಡ್ರಿ. ಗೊಬ್ಬರ ಅಂತೂ ಬ್ಯಾಡೇ ಬ್ಯಾಡ್ರಿ."

"ಗೊಬ್ಬರ ಬ್ಯಾಡ!" ಎಂದು ಅವರು ನಕ್ಕರು. ದೇವರಿಲ್ಲ ಅಂದವರನ್ನು ನೋಡಿ ಪೂಜಾರಿ ನಗುವ ನಗು ಅದು. ಅವರ ಹೆಂಡತಿ, ನನ್ನ ನೆಗೆಣ್ಣಿ, ಮಾತ್ರ ಎದೆಯ ಮೇಲೆ ಕೈ ಇಟ್ಟು, "ನೀ ಚಿಂತಿ ಮಾಡಬ್ಯಾಡ, ಮಗಳಂಗ ನೋಡ್ಕೋತೀನಿ" ಅಂದಳು. ಆ ಮನೆಯಲ್ಲಿ ಮಗಳಂತೆ ನೋಡಿಕೊಳ್ಳುವುದು ಅಂದರೆ ಏನು ಅಂತ ನನಗೆ ಗೊತ್ತಿತ್ತು. ಊಟಕ್ಕೆ ಕೂತಾಗ ಸಾಕು ಅಂತ ಕೈ ಅಡ್ಡ ಹಿಡಿದರೆ ಕೈ ಮೇಲೇ ಜುಣಕ ಬೀಳುತ್ತದೆ.

ಪೇಪರ್ ತಿದ್ದಿ ಮುಗಿಸಿ ಬಂದೆ. ಕುಂಡ ದೇವರ ಮನೆಯ ಕಿಟಕಿಯಲ್ಲಿ ಇತ್ತು, ಕುಂಕುಮ ಹಚ್ಚಿದ್ದರು. ಗಿಡ ಕಪ್ಪಾಗಿತ್ತು. ಒಂದು ಎಲೆಯಲ್ಲೂ ಹನಿ ಇರಲಿಲ್ಲ. ಮಣ್ಣಿನ ಮೇಲೆ ಬಿಳಿ ಪೊರೆ, ಅದರ ಸುತ್ತ ಹಸಿರು ಪಾವಸೆ. ಸುತ್ತ ಹುಡುಕಿದೆ, ಕ್ಯಾನು ಕಾಣಲಿಲ್ಲ.

"ಆ ಕ್ಯಾನು ಎಲ್ಲಿ ರೀ ಅಕ್ಕಾರ?"

"ಅಯ್ಯ, ಅದರ ಮ್ಯಾಲೆ ಬ್ಯಾಟರಿ ಅಂತ ಬರದಿತ್ತಲ್ಲ! ಆಸಿಡ್ ಅಂತ ಇವರು ಹೇಳಿದ್ರು. ಗಟಾರಕ್ಕ ಚೆಲ್ಲಿದ್ವಿ. ಸುಡ್ತಿತ್ತಲ್ಲ ಗಿಡ. ನಾವು ಕುಡಿಯೋ ಮಿನರಲ್ ನೀರ ಹಾಕೀವಿ, ಒಂದಿನಾನೂ ತಪ್ಪಿಸಿಲ್ಲ."

ಮಿನರಲ್ ನೀರು! ಬೇಡದ್ದೇನು ಎಂಬುದು ಹೆಸರಿನಲ್ಲೇ ಇದೆ. ಅವರ ಓಣಿಯ ಶುದ್ಧ ನೀರಿನ ಘಟಕದಲ್ಲಿ ಲವಣ ಪೂರ್ತಿ ತೆಗೆದರೆ ನೀರು ಸಪ್ಪಗಾಯಿತು ಅಂತ ಓಣಿಯವರು ಜಗಳ ತೆಗೆಯುತ್ತಾರೆ, ಅದಕ್ಕೆ ನಡೆಸುವವ ಒಂದಿಷ್ಟು ಬೋರಿನ ನೀರನ್ನು ಕೂಡಿಸಿಯೇ ಬಿಡುತ್ತಾನೆ. ಆದರೆ ಅದೊಂದರಿಂದಲೇ ಇಷ್ಟು ಬೇಗ ಸಾಯುವುದಿಲ್ಲ. ಭಾವನವರ ಕಡೆ ತಿರುಗಿದೆ. ಅವರು ಎಲೆಯಡಿಕೆ ಮೆಲ್ಲುತ್ತಾ, "ಹತ್ತೊಂಬತ್ತು-ಹತ್ತೊಂಬತ್ತು ಗೊಬ್ಬರ ಒಂದೀಟ ಕರಗಿಸಿ ಹಾಕಿದ್ದೆ. ಚಲೋ ಮಾಲು. ಏಳಲಿಲ್ಲ ಅಂತ ಮತ್ತೊಂದು ಚಮಚ ಹಾಕಿದೆ. ಗಿಡಾನ ನಾಜೂಕು ಬಿಡವಾ, ಅದರ ಹಣೆಬರಹ" ಅಂದರು. ಸಾಯುತ್ತಿದ್ದದ್ದಕ್ಕೆ ಎರಡನೆಯ ಸಲ ಬಡಿಸಿದ ಪುಣ್ಯಾತ್ಮರು.

ಕುಂಡದ ಮೇಲೆ ಬಾಗಿ ಒಣಗಿದ ಹೂದಂಡಿನ ಕಾಯಿಗಳನ್ನು ಉಗುರಿನಿಂದ ಬಿಡಿಸಿದೆ. ಕರಿ ಬೀಜ ಒಂದಾದರೂ ಸಿಕ್ಕೀತು ಅಂತ ಅಂಗೈ ಮೇಲೆ ಉದುರಿಸಿದೆ. ಎಲ್ಲವೂ ಬಿಳಿ ಜೊಳ್ಳು. ಅಷ್ಟರಲ್ಲಿ ನೆಗೆಣ್ಣಿ ತಾಟು ಹಾಕಿ, "ಎಷ್ಟ್ ಸೊರಗೀದಿ ನೋಡ, ಉಣ್ಣ ಬಾ" ಎಂದು ಕೈ ಹಿಡಿದು ಎಬ್ಬಿಸಿದಳು. ಬೇಡವೆಂದರೂ ಮೂರು ರೊಟ್ಟಿ ಹಾಕಿದಳು. ನಾನೂ ಉಂಡೆ.

ಜೂನ್ ಬಂತು. ಮತ್ತೆ ಬೋರ್ಡು, ಮತ್ತೆ ಅದೇ ಚರಿಗೆ. ಪಕ್ಕದಲ್ಲಿ ಡ್ರಾಸೆರಾ ಬರೆಯುವಾಗ ಮಾತ್ರ ಕೈ ತಡೆಯಲಿಲ್ಲ, ಎಲೆ, ಕೂದಲು, ಹನಿ ಎಲ್ಲ ತಾವೇ ಬಂದವು. ಮಾತು ಕೊಟ್ಟಿದ್ದು ನೆನಪಿಟ್ಟುಕೊಂಡಿದ್ದ ಆ ಹುಡುಗಿ, ಈಗ ಎರಡನೇ ವರ್ಷದವಳು, ಬಾಗಿಲಲ್ಲಿ ಬಂದು ನಿಂತಿದ್ದಳು.

"ಮೇಡಂ, ಈಗರ ನೋಡೀರೇನ್ರಿ?"

"ನೋಡೀನವಾ," ಅಂದೆ. "ಭಾಳ ಚಂದ ಇತ್ತು. ನರಗುಂದದಾಗ ಹೊಟ್ಟಿ ತುಂಬ ಉಂಡು ಸತ್ತು ಹೋತು."