ಇಳಿಯುತ್ತಿದ್ದ ಗ್ರಾಫ್

ನನ್ನ ಗಂಡನನ್ನು ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡಿದ ಮೇಲೆ ನಾನು ಮಕರಪುರ ರಸ್ತೆಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದೆ. ಧಾರವಾಡದ ಕಾಲೇಜಿನಲ್ಲಿ ಪಾಠ ಮಾಡಿದ್ದವಳಿಗೆ ಕೆಲಸ ಹೊಸದಾಗಿರಲಿಲ್ಲ. ಆದರೆ ಇಲ್ಲಿ ಯಾರಿಗೂ ನಿಂತು ಉಸಿರಾಡುವ ಪುರುಸೊತ್ತಿರಲಿಲ್ಲ. ವಾರಕ್ಕೊಂದು ಪರೀಕ್ಷೆ. ಅದರ ಅಂಕದ ಮೇಲೆ ಮಕ್ಕಳು ಮೇಲಿನ ಬ್ಯಾಚಿಗೆ ಹತ್ತಬೇಕು, ಇಲ್ಲವೇ ಕೆಳಗಿನ ಬ್ಯಾಚಿಗೆ ಇಳಿಯಬೇಕು. ಕೆಳಗಿನ ಬ್ಯಾಚು ನನ್ನದು. ಮೇಲಿನದು ಕ್ಲಾಸು ಕಟ್ಟಿ ಬೆಳೆಸಿದ ಗುಜರಾತಿ ಮೇಷ್ಟರದು. ಪ್ರಶ್ನೆಪತ್ರಿಕೆ ತೆಗೆಯುವವರೂ, ಎಲ್ಲ ಉತ್ತರ ತಿದ್ದುವವರೂ ಅವರೇ.

ನನ್ನ ಬ್ಯಾಚಿನಲ್ಲಿ ಒಬ್ಬಳು ಕನ್ನಡದ ಹುಡುಗಿಯಿದ್ದಳು. ಅವಳ ಅಪ್ಪ ಕುಂದಾಪುರದ ಕಡೆಯವರು, ಕಾರ್ಖಾನೆಗಳ ಹತ್ತಿರ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದರು. ಅವಳು ಹುಟ್ಟಿ ಬೆಳೆದದ್ದೆಲ್ಲ ವಡೋದರಾದಲ್ಲೇ. ಕನ್ನಡ ಬರುತ್ತಿತ್ತು, ಆದರೆ ತಡವರಿಸುತ್ತಾ. ಕ್ಲಾಸಿನಲ್ಲಿ ನನ್ನ ಜೊತೆ ಹಿಂದಿಯಲ್ಲೇ ಮಾತಾಡುತ್ತಿದ್ದಳು. ಕೋಪ ಬಂದಾಗ ಮಾತ್ರ ಕನ್ನಡ.

ಒಂದು ಸೋಮವಾರ ಪಾಠ ಮುಗಿದದ್ದೇ ತಡ, ಉತ್ತರಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಹಾಕಿದಳು.

"ಮೇಡಂ, ಇದು ಯಾಕೆ ರಾಂಗ್? ನೀವೇ ನೋಡಿ. ನಾನು ಮೂರು ಸಲ ಚೆಕ್ ಮಾಡಿದ್ದೇನೆ."

ಸ್ಪ್ರಿಂಗಿಗೆ ಕಟ್ಟಿದ ತೂಕ ಮೇಲೆ ಕೆಳಗೆ ಆಡುವ ಲೆಕ್ಕ ಅದು. ಕಾಲ ಸರಿದಂತೆ ತೂಕ ನಡುವಿನಿಂದ ಎಷ್ಟು ದೂರವಿದೆಯೆಂದು ತೋರಿಸುವ ಗ್ರಾಫ್ ಕೊಟ್ಟಿದ್ದರು. ಅತಿ ಹೆಚ್ಚೆಂದರೆ ಆರು ಸೆಂಟಿಮೀಟರ್. ಶುರುವಿನ ಕ್ಷಣದಲ್ಲಿ ಗೆರೆ ಮೂರು ಸೆಂಟಿಮೀಟರಿನಲ್ಲಿತ್ತು, ಅಲ್ಲಿಂದ ಕೆಳಗೆ ಇಳಿಯುತ್ತಿತ್ತು. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಸೊನ್ನೆ ದಾಟಿ, 0.4ಕ್ಕೆ ತಳ ಮುಟ್ಟಿ, ಮತ್ತೆ 1.6ಕ್ಕೆ ತಳ ಮುಟ್ಟುತ್ತಿತ್ತು. ಪ್ರಶ್ನೆ ಎರಡು: ಫೇಸ್ ಕಾನ್‌ಸ್ಟಂಟ್ ಎಷ್ಟು, ಅಂದರೆ ಶುರುವಿನಲ್ಲಿ ತೂಕ ತನ್ನ ಸುತ್ತಿನ ಯಾವ ಹಂತದಲ್ಲಿತ್ತು? ಮತ್ತು ಅದರ ಗರಿಷ್ಠ ವೇಗ ಎಷ್ಟು?

ಅವಳು ಮೊದಲು ಸಮೀಕರಣ ಬರೆದಿದ್ದಳು: x = A cos(ωt + φ). ಆರರಲ್ಲಿ ಮೂರು ಅಂದರೆ ಅರ್ಧ. ಕೊಸೈನ್ ಅರ್ಧವಾಗುವುದು ಪ್ಲಸ್ ಪೈ ಬೈ ತ್ರೀಗೂ ಹೌದು, ಮೈನಸ್ ಪೈ ಬೈ ತ್ರೀಗೂ ಹೌದು. ಗೆರೆ ಇಳಿಯುತ್ತಿದೆ, ಆದ್ದರಿಂದ ವೇಗ ಋಣ, ಆದ್ದರಿಂದ ಪ್ಲಸ್ ಎಂದು ಕಾರಣವನ್ನೂ ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ ಎಳೆದು ಮೇಷ್ಟರು ಪಕ್ಕದಲ್ಲಿ 'ಮೈನಸ್' ಎಂದು ಬರೆದಿದ್ದರು. ಎರಡನೇ ಭಾಗದ ಮೇಲೂ ಕೆಂಪು ಗೆರೆಯಿತ್ತು. ಅದನ್ನು ಆಮೇಲೆ ನೋಡೋಣ ಅಂದೆ.

"ನೀ ಬರದದ್ದು ಸರಿ ಅನಸ್ತದ. ಸರ್ ಹತ್ರ ಮಾತಾಡತೇನಿ," ಅಂದೆ.

ಅಂದದ್ದೇನೋ ಅಂದೆ. ಸ್ಕೂಟರಿನಲ್ಲಿ ಮನೆಗೆ ಹೋಗುವಾಗಲೇ ಅನುಮಾನ ಶುರುವಾಯಿತು. ಸೇರಿ ಎರಡು ತಿಂಗಳಾಗಿಲ್ಲ, ದೊಡ್ಡವರ ತಪ್ಪು ಹಿಡಿಯಲು ಹೊರಟಿದ್ದೇನೆ. ನಾನೇ ತಪ್ಪಿದ್ದರೆ? ತರಕಾರಿ ಹೆಚ್ಚುವಾಗ ಚಾಕು ಬಿಟ್ಟು ಎದ್ದು ಕಾಗದದ ಮೇಲೆ ಮತ್ತೆ ಗ್ರಾಫ್ ಬರೆದೆ. ಪ್ಲಸ್ ಬಂತು. ಊಟಕ್ಕೆ ಕೂತಾಗ ಬೆರಳಿನಿಂದ ತಟ್ಟೆಯ ಅಂಚಿನಲ್ಲಿ ಬರೆದೆ. ಮತ್ತೆ ಪ್ಲಸ್ ಬಂತು.

"ಅನ್ನ ಆರಲಿಕ್ಕತ್ತದ. ಏನ್ ಬರೀಲಿಕ್ಕತ್ತೀ?" ನನ್ನ ಗಂಡ ಕೇಳಿದರು.

"ಮೇಷ್ಟ್ರು ಮೈನಸ್ ಅಂತಾರ. ನನಗ ಪ್ಲಸ್ ಬರ್ತದ."

"ಹಂಗಾರ ಹೋಗಿ ಕೇಳು. ಇಲ್ಲಿ ಕೂತು ಗೊಣಗಿದರ ಯಾರಿಗೆ ಕೇಳಸ್ತದ?"

ಮರುದಿನ ಕೇಳಿದೆ. ಮೇಷ್ಟರು ಸ್ಟಾಫ್ ರೂಮಿನಲ್ಲಿ ಬಶಿಗೆ ಸುರಿದುಕೊಂಡು ಚಹಾ ಕುಡಿಯುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಬಶಿ ಕೆಳಗಿಟ್ಟರು.

"ಬೆನ್," ಎಂದು ಗುಜರಾತಿಯಲ್ಲಿ ಅಕ್ಕಾ ಎಂಬಂತೆ ಕರೆದು, ಹಿಂದಿಯಲ್ಲಿ ಅಂದರು, "ಈ ಲೆಕ್ಕ ನಾನು ಎಷ್ಟು ವರ್ಷದಿಂದ ಕೊಡುತ್ತಿದ್ದೇನೆ ಗೊತ್ತೇ? ಈವರೆಗೆ ಯಾರೂ ಕೇಳಿಲ್ಲ."

ಆದರೂ ಕಾಗದ ಮುಂದಿಟ್ಟೆ. "ಸರ್, 0.1 ಸೆಕೆಂಡಿಗೆ ಗೆರೆ ಸೊನ್ನೆ ದಾಟುತ್ತದೆ. ಒಂದು ಸುತ್ತಿಗೆ 1.2 ಸೆಕೆಂಡು, ಅಂದರೆ ಅಷ್ಟರಲ್ಲಿ ಕೋನ ಪೈ ಬೈ ಸಿಕ್ಸ್ ಮುಂದೆ ಹೋಗಿರುತ್ತದೆ. ಅದಕ್ಕೆ ಪ್ಲಸ್ ಪೈ ಬೈ ತ್ರೀ ಕೂಡಿಸಿದರೆ ಪೈ ಬೈ ಟೂ, ಕೊಸೈನ್ ಸೊನ್ನೆ. ಗ್ರಾಫಿಗೆ ಸರಿಹೋಗುತ್ತದೆ. ಮೈನಸ್ ಹಾಕಿ ನೋಡಿ. ತೂಕ ಸೊನ್ನೆಯಲ್ಲಿರುವುದಿಲ್ಲ, ಐದು ಸೆಂಟಿಮೀಟರಿಗಿಂತ ಮೇಲೆ ಹೋಗಿರುತ್ತದೆ."

ಅವರು ಪೆನ್ನು ತೆಗೆದುಕೊಂಡು ಹಾಕಿ ನೋಡಿದರು. ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ತಮ್ಮ ಮಾದರಿ ಉತ್ತರದ ಹಾಳೆ ತೆಗೆದು ಅದರ ಮೊದಲ ಸಾಲನ್ನು ಬೆರಳಿಟ್ಟು ಓದಿಕೊಂಡು, ತಲೆಯೆತ್ತಿ ನೋಡಿದರು.

"ನಾನು ಯಾವಾಗಲೂ ωt ಮೈನಸ್ φ ಅಂತ ಬರೆಯುತ್ತೇನೆ. ನನ್ನ ಗುರುಗಳು ಕಲಿಸಿದ್ದು ಹಾಗೆ. ಅದರಲ್ಲಿ φ ಮೈನಸ್ಸೇ ಬರಬೇಕು."

ಹೌದಲ್ಲ! ಮೈನಸ್ಸಿನ ಮುಂದೆ ಮೈನಸ್, ಎರಡೂ ಸೇರಿ ಅದೇ ಪ್ಲಸ್. ಇದು ನನಗೆ ಹೊಳೆದೇ ಇರಲಿಲ್ಲ. ಅವರ ಉತ್ತರ ಅವರ ಸಮೀಕರಣಕ್ಕೆ ಸರಿ, ಹುಡುಗಿಯದು ಅವಳ ಸಮೀಕರಣಕ್ಕೆ ಸರಿ. ಯಾವ ಸಮೀಕರಣ ಎಂದು ಪ್ರಶ್ನೆಯಲ್ಲೇ ಹೇಳಿರಲಿಲ್ಲ.

"ಅಂದರೆ ತಪ್ಪು ಪ್ರಶ್ನೆಯದು," ಅಂದರು ಮೇಷ್ಟರು. ಮುಖದಲ್ಲಿ ನಗುವಿರಲಿಲ್ಲ. ಆದರೆ ಅಂದೇ ಎರಡೂ ಬ್ಯಾಚಿಗೆ ಹೋಗಿ, ಸಮೀಕರಣ ಬರೆದು ಅದಕ್ಕೆ ಗ್ರಾಫ್ ಹೊಂದಿಸಿದವರೆಲ್ಲರಿಗೂ ಆ ಭಾಗದ ಅಂಕ ಕೊಡುತ್ತೇನೆಂದು ಹೇಳಿದರು.

ಹುಡುಗಿ ನನ್ನ ಕಡೆ ನೋಡಿ ಮುಖವರಳಿಸಿದಳು. ಆ ನಗು ಸಂಜೆಯವರೆಗೂ ಉಳಿಯಲಿಲ್ಲ. ಅಂಕ ಕೂಡಿಸಿದ ಮೇಲೂ ಮೇಲಿನ ಬ್ಯಾಚಿಗೆ ಸ್ವಲ್ಪ ಕಡಿಮೆಯೇ ಬಿತ್ತು.

"ಮತ್ತೆ ಏನು ಫಾಯ್ದಾ ಮೇಡಂ?" ಕಣ್ಣು ತುಂಬಿತ್ತು. "ಸರಿ ಇದ್ರೂ ನಾನು ಇಲ್ಲೇ."

"ಎರಡನೇ ಭಾಗ ತಗಿ. ಗರಿಷ್ಠ ವೇಗ ಎಷ್ಟು ಬರದೀ?"

"ತೊಂಬತ್ನಾಲ್ಕು. ಒಮೆಗಾ ಇಂಟು ಎ. ಫಾರ್ಮುಲಾ ಸರಿ ಇದೆ."

"ಫಾರ್ಮುಲಾ ಸರಿ. ಒಮೆಗಾ ಎಲ್ಲಿಂದ ಬಂತು? ಒಂದ್ ಸುತ್ತಿಗೆ ಎಷ್ಟ್ ಸೆಕೆಂಡ್ ಹಿಡದೀ?"

"0.1ಕ್ಕೆ ಸೊನ್ನೆಗೆ ಬಂತಲ್ಲ. ಅದು ಕ್ವಾರ್ಟರ್. ಹಾಗಾದ್ರೆ ಫುಲ್ ರೌಂಡಿಗೆ 0.4."

"ಕ್ವಾರ್ಟರ್ ಅನ್ನೋದು ಎಲ್ಲಿಂದ ಎಲ್ಲಿಗೆ?"

"ಮೇಲಿನ ತುದಿಯಿಂದ ಸೊನ್ನೆಗೆ..." ಎಂದವಳು ನಿಂತಳು. ತನ್ನದೇ ಉತ್ತರದ ಪೈ ಬೈ ತ್ರೀಯನ್ನು ದಿಟ್ಟಿಸಿದಳು. ಪೆನ್ನಿನ ತುದಿ ಗ್ರಾಫಿನ ಎಡಗಡೆ, ಗೆರೆಯೇ ಇಲ್ಲದ ಖಾಲಿ ಜಾಗದಲ್ಲಿ ಓಡಾಡಿತು. "ಇದು ತುದಿಯಿಂದ ಶುರು ಆಗಿಲ್ಲ. ಆಲ್ರೆಡಿ ಪೈ ಬೈ ತ್ರೀ ಇಳಿದು ಬಂದಿದೆ. ಉಳಿದ ಪೈ ಬೈ ಸಿಕ್ಸಿಗೆ 0.1 ಅಂದ್ರೆ, ನೋಡೋಷ್ಟರಲ್ಲಿ 0.2 ಸೆಕೆಂಡು ಹೋಗಿ ಆಗಿದೆ."

"ಹೂಂ."

"0.2 ಪ್ಲಸ್ 0.1, ಅದು ಕ್ವಾರ್ಟರ್. ಫುಲ್ ರೌಂಡ್ 1.2. ಅರೇ, ತಳದಿಂದ ತಳಕ್ಕೂ ಅಷ್ಟೇ ಇದೆ!" ಬಗ್ಗಿ ಗಡಿಬಿಡಿಯಲ್ಲಿ ಗುಣಿಸಿದಳು. "ಮೂವತ್ತೊಂದು ಸೆಂಟಿಮೀಟರ್ ಪರ್ ಸೆಕೆಂಡ್. ಮೂರು ಪಟ್ಟು ಜಾಸ್ತಿ ಬರ್ದಿದ್ದೆ ನಾನು."

ಸೊನ್ನೆ ದಾಟುವ ಜಾಗದಲ್ಲಿ ಗೆರೆ ಅತಿ ಕಡಿದಾಗಿರುತ್ತದೆ, ಅಲ್ಲೇ ವೇಗ ಗರಿಷ್ಠ. ಅಲ್ಲಿ ಸ್ಕೇಲು ತಾಗಿಸಿ ಇಳಿಜಾರು ಅಳೆದು ನೋಡು ಅಂದೆ. ಅಳೆದಳು. ಮೂವತ್ತರ ಆಸುಪಾಸಿನಲ್ಲೇ ಬಂತು. ಕೆಂಪು ಗೆರೆಯನ್ನು ಒಮ್ಮೆ ನೋಡಿದಳು.

"ಇದು ಸರ್ ಸರಿಯಾಗೇ ಹೊಡೆದಿದ್ದಾರೆ," ಅಂದಳು. ಅಷ್ಟು ಹೊತ್ತು ಜಗಳಕ್ಕೆ ನಿಂತಿದ್ದ ಹುಡುಗಿಯ ದನಿಯಲ್ಲಿ ಈಗ ಅಳುವಿರಲಿಲ್ಲ. ಪತ್ರಿಕೆ ಮಡಚಿಟ್ಟು ಮುಂದಿನ ಅಧ್ಯಾಯದ ಲೆಕ್ಕ ಕೇಳಿದಳು.

ಮಳೆಗಾಲ ಮುಗಿಯುವ ಮೊದಲೇ ಅವಳು ಮೇಲಿನ ಬ್ಯಾಚಿಗೆ ಹೋದಳು. ನನಗೆ ಸಂತೋಷವಾಯಿತು. ಆದರೂ ಬಹಳ ದಿನ ಪಾಠದ ನಡುವೆ, ಈಗ ಅವಳ ಹಾಗೆ ಯಾರೋ ಎದ್ದು 'ಹಾಗಲ್ಲ' ಅನ್ನುತ್ತಾರೆ ಎಂದು ಕಾಯುತ್ತಿದ್ದೆ. ಯಾರೂ ಏಳದಿದ್ದರೆ ಸಮಾಧಾನವಾಗದೆ, ಬೋರ್ಡಿನ ಮೇಲೆ ಬರೆದದ್ದನ್ನು ಒರೆಸುವ ಮುಂಚೆ ನಾನೇ ಇನ್ನೊಮ್ಮೆ ತಿರುಗಿ ನೋಡುತ್ತಿದ್ದೆ.