ಸೆರಗಿನ ಗಂಟಿನಲ್ಲಿದ್ದ ಮಾತ್ರೆ

ತುಮಕೂರಿನ ಸದಾಶಿವನಗರದಲ್ಲಿ ಬಟ್ಟೆ ಹೊಲಿಯುವ ಗಂಗರತ್ನಳ ಮನೆಯಲ್ಲೇ ಅವಳ ಅವ್ವ ಹನುಮಂತಮ್ಮ ಇದ್ದಾರೆ. ಅವ್ವನ ಬಿಪಿ ಮಾತ್ರೆ, ಡಾಕ್ಟರ ಹತ್ತಿರ ಹೋಗುವ ತಾರೀಖು ಎಲ್ಲವನ್ನೂ ಕುಣಿಗಲ್ಲಿನ ತಂಗಿ ಬಿಂದು ವಾಟ್ಸಾಪ್ ಗ್ರೂಪಿನಲ್ಲಿ ನೆನಪಿಸುತ್ತಾಳೆ. ಗಂಗರತ್ನ ಮಾತ್ರೆ ಕೊಟ್ಟು 'ಕೊಟ್ಟೆ' ಎಂದು ಹಾಕಬೇಕು. ಹಾಕದಿದ್ದರೆ ಗುಬ್ಬಿಯಿಂದ ತಮ್ಮ ಚಂದ್ರುವಿನ ಫೋನು ಬಂತೆಂದೇ ತಿಳಿಯಿರಿ.

ಅವತ್ತು ಡಾಕ್ಟರಿಗೆ ತೋರಿಸುವ ದಿನ. ಗಂಗರತ್ನ ಅವ್ವನ ಅಂಗೈಗೆ ಮಾತ್ರೆ ಹಾಕಿ, 'ಕೊಟ್ಟೆ' ಎಂದು ಬರೆದು, ಆಟೋ ಕರೆಯಲು ಓಡಿದಳು.

ಬಿಪಿ ನೋಡಿದ ಡಾಕ್ಟರ ಹುಬ್ಬು ಮೇಲೇರಿತು. "ಬೆಳಿಗ್ಗೆ ಮಾತ್ರೆ ತಗೊಂಡ್ರಾ?"

"ಕೊಟ್ಟಿದೀನಿ ಸಾರ್, ನೋಡಿ," ಎಂದು ಗಂಗರತ್ನ ಫೋನು ತೋರಿಸಿದಳು.

"ಹಾಗಾದ್ರೆ ಡೋಸ್ ಜಾಸ್ತಿ ಮಾಡ್ಬೇಕಾಗುತ್ತೆ."

ಅಷ್ಟರಲ್ಲಿ ಹನುಮಂತಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆಯನ್ನು ಮೇಜಿನ ಮೇಲಿಟ್ಟರು.

"ಇದೇನವ್ವಾ, ನುಂಗ್ಲಿಲ್ವಾ?"

"ಹೋದ್ಸಲ ರಕ್ತ ಟೆಸ್ಟಿಗೆ ಕೊಡಕ್ಕೆ ಏನೂ ತಿನ್ದೆ ಬಾ ಅಂದಿರ್ಲಿಲ್ವೇನೇ? ಮಾತ್ರೆ ನುಂಗಿ ಬಂದ್ರೆ ಕಾಯಿಲೆ ಅಡಗಿ ಕೂತ್ಕಳುತ್ತೆ. ಆಮೇಲೆ ಡಾಕ್ಟ್ರು ಏನ್ ನೋಡ್ತಾರೆ, ನನ್ ಮುಖಾನಾ?"

ಡಾಕ್ಟರು ನಕ್ಕುಬಿಟ್ಟರು. "ಇಲ್ಲಿಗೆ ಬರೋ ದಿನಾನೂ ಬಿಪಿ ಮಾತ್ರೆ ತಗೊಂಡೇ ಬರ್ಬೇಕಮ್ಮ," ಎಂದು ನೀರು ತರಿಸಿ ನುಂಗಿಸಿದರು. ಡೋಸ್ ಹಾಗೇ ಇರಲಿ, ಮುಂದಿನ ವಾರ ಮತ್ತೆ ನೋಡೋಣ ಎಂದರು.

ಮಾರನೆಯ ದಿನದಿಂದ ಗ್ರೂಪಿನಲ್ಲಿ 'ಕೊಟ್ಟೆ' ಕಾಣಲಿಲ್ಲ. ಮಾತ್ರೆ ಗಂಟಲಿಳಿದ ಮೇಲೆ ಅವ್ವನ ದನಿಯೇ ರೆಕಾರ್ಡಾಗಿ ಬರುತ್ತಿತ್ತು: "ನುಂಗಿದೀನಿ ಕಣ್ರೋ. ಚಂದ್ರು, ನೀನು ತಿಂಡಿ ತಿಂದ್ಯೇನ್ಲಾ? ತಿಂದಿದ್ರೆ ನೀನೂ ಹಾಕು."